ಇಂಪ್ಲಾಂಟ್ ಚಿಕಿತ್ಸೆ ಮುಂದೂಡಿಕೆ ಮತ್ತು ಹೊಸ ಯೋಜನೆ

ಶಿವಮೊಗ್ಗ
9 ಜೂನ್ 2025

ವಿಷಯ: ಕೆಳದವಡೆ ಬಲಗಡೆಯ ದವಡೆ ಹಲ್ಲಿನ ಇಂಪ್ಲಾಂಟ್

ಹೆಗಡೆಯವರಿಗೆ ನಮಸ್ಕಾರ.

ಜೂನ್ 19ಕ್ಕೆ ನಿಮ್ಮ ಇಂಪ್ಲಾಂಟ್ ಕೂರಿಸುವುದು ಎಂದು ನಿಗದಿಯಾಗಿತ್ತು. ಅಂದು ಅದು ಆಗುವುದಿಲ್ಲ. ಸುಮಾರು ಒಂಬತ್ತು ತಿಂಗಳು ಮುಂದಕ್ಕೆ ಹೋಗುತ್ತದೆ. ಫೋನಿನಲ್ಲಿ ಹೇಳಿದರೆ ಅರ್ಧ ಮಾತು ಅಲ್ಲೇ ಕಳೆದುಹೋಗುತ್ತದೆ, ಮನೆಯವರಿಗೂ ತೋರಿಸಲು ಬೇಕಾಗುತ್ತದೆ ಅಂತ ಬರೆದೇ ಕಳಿಸುತ್ತಿದ್ದೇನೆ.

ಕಾರಣ ಎರಡು. ಒಂದು ಮೂಳೆ, ಇನ್ನೊಂದು ಸಕ್ಕರೆ.

ಫೆಬ್ರವರಿಯಲ್ಲಿ ಆ ಹಲ್ಲು ಕೀಳುವಾಗಲೇ ಬೇರು ಸೀಳಿತ್ತು, ಕೀವು ತುಂಬಿತ್ತು, ಕೆನ್ನೆ ಕಡೆಯ ಮೂಳೆಯ ಗೋಡೆ ತಿಂದುಹೋಗಿತ್ತು. ಗಾಯ ಮಾಗಿದ ಮೇಲೆ ಎಷ್ಟು ಮೂಳೆ ಉಳಿಯುತ್ತದೆ ಎಂದು ಕಾದು ನೋಡಬೇಕಿತ್ತು. ಕಳೆದ ವಾರದ ಸಿಬಿಸಿಟಿ ಸ್ಕ್ಯಾನ್‌ನಲ್ಲಿ ಈಗ ಅದು ಗೊತ್ತಾಗಿದೆ. ಎತ್ತರಕ್ಕೆ ತೊಂದರೆ ಇಲ್ಲ. ಕೆಳಗೆ ಹಾದುಹೋಗುವ ನರದ ಕಾಲುವೆಯಿಂದ ಮೇಲಕ್ಕೆ 13 ಮಿ.ಮೀ. ಮೂಳೆ ಇದೆ. ಅಗಲ ಮಾತ್ರ 4 ಮಿ.ಮೀ. ಚಿಲ್ಲರೆ. ನಿಮಗೆ ಹಾಕಬೇಕೆಂದಿರುವ ಇಂಪ್ಲಾಂಟ್‌ನ ದಪ್ಪವೇ 4.5 ಮಿ.ಮೀ. ಅದರ ಎರಡೂ ಬದಿಗೆ ಒಂದೂವರೆ ಮಿ.ಮೀ. ಆದರೂ ಮೂಳೆ ಇರಬೇಕು. ಲೆಕ್ಕ ಹಾಕಿದರೆ ಏಳೂವರೆ ಬೇಕು, ಅಲ್ವಾ?

"ಮೊದಲು ತೆಗೆದ ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿದೆ ಅಂದಿದ್ದರಲ್ಲ" ಎಂದು ನೀವು ಕೇಳಬಹುದು. ಅದು ಒಪಿಜಿ. ಅದರಲ್ಲಿ ಕಾಣುವುದು ಎತ್ತರ. ಅಗಲ ಕಾಣುವುದು ಸ್ಕ್ಯಾನ್‌ನಲ್ಲಿ ಮಾತ್ರ.

ಹಾಗಾಗಿ ಮೊದಲು ಬೋನ್ ಗ್ರಾಫ್ಟ್ ಮಾಡಿ ಅಗಲ ಹೆಚ್ಚಿಸಬೇಕು. ಮೂಳೆ ಕಡಿಮೆ ಇರುವಲ್ಲಿ ಇಂಪ್ಲಾಂಟ್ ಕೂರಿಸುವುದೆಂದರೆ ಸಡಿಲ ಮಣ್ಣಿನಲ್ಲಿ ಬೇಲಿ ಕಂಬ ನೆಟ್ಟ ಹಾಗೆ. ನೆಟ್ಟ ದಿನ ನಿಲ್ಲುತ್ತದೆ, ಹಸು ಮೈ ತಿಕ್ಕಿದ ದಿನ ಗೊತ್ತಾಗುತ್ತದೆ.

ಗ್ರಾಫ್ಟ್ ವಿಷಯದಲ್ಲಿ ಒಂದು ಮಾತು ನಾನಾಗೇ ಹೇಳಬೇಕು, ಏಕೆಂದರೆ ಇದನ್ನು ಕೇಳುವವರು ಕಡಿಮೆ. ಹೆಚ್ಚಾಗಿ ಬಳಸುವ ಮೂಳೆ ಪುಡಿ ದನದ ಮೂಳೆಯನ್ನು ಸಂಸ್ಕರಿಸಿ ಮಾಡಿದ್ದು. ಅದರ ಮೇಲೆ ಹೊದಿಸುವ ತೆಳು ಪೊರೆ ದನದ್ದೋ ಹಂದಿಯದ್ದೋ ಕೊಲಾಜನ್. ಸುರಕ್ಷಿತ, ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಬಾಯಿಯೊಳಗೆ ಏನು ಹೋಗುತ್ತದೆ ಎಂದು ಹೇಳದೆ ಹಾಕುವುದು ಸರಿಯಲ್ಲ. ನಿಮಗೆ ಅದು ಬೇಡವಾದರೆ ಬೇರೆ ದಾರಿ ಇದೆ: ಕೃತಕ ಕ್ಯಾಲ್ಸಿಯಂ ಫಾಸ್ಫೇಟ್ ಪುಡಿ, ಅದರ ಜೊತೆ ನಿಮ್ಮದೇ ದವಡೆಯ ಹಿಂಭಾಗದಿಂದ ಕೆರೆದು ತೆಗೆದ ಸ್ವಲ್ಪ ಮೂಳೆ. ಪೊರೆಗೂ ಪ್ರಾಣಿಮೂಲವಲ್ಲದ್ದು ಸಿಗುತ್ತದೆ, ಆದರೆ ಅದರಲ್ಲಿ ಕೆಲವು ತಾನಾಗಿ ಕರಗುವುದಿಲ್ಲ, ಅಂಥದ್ದನ್ನು ಆಮೇಲೆ ತೆಗೆಯಬೇಕಾಗುತ್ತದೆ. ನಿಮ್ಮ ಮಟ್ಟಿಗೆ ಈ ಎರಡನೇ ದಾರಿಯೂ ಆಗುತ್ತದೆ ಎಂದು ನನ್ನ ಅಂದಾಜು. ಮನೆಯಲ್ಲಿ ಮಾತಾಡಿ, ನಿಧಾನವಾಗಿ ತಿಳಿಸಿ.

ಈಗ ಸಕ್ಕರೆ. ನಿಮ್ಮ ಎಚ್‌ಬಿಎ1ಸಿ 9.1 ಬಂದಿದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿಕೊಂಡರೆ ಸರಿಯಾಗಿಯೇ ಇರುತ್ತದೆ ಅಂದಿದ್ದಿರಿ. ಅದು ಆ ಹೊತ್ತಿನ ಲೆಕ್ಕ, ಇದು ಹಿಂದಿನ ಎರಡು ಮೂರು ತಿಂಗಳ ಲೆಕ್ಕ. ಸಕ್ಕರೆ ಇಷ್ಟಿದ್ದಾಗ ಗಾಯ ಬೇಗ ಮಾಯುವುದಿಲ್ಲ, ಸೋಂಕು ಸುಲಭವಾಗಿ ತಗಲುತ್ತದೆ, ಹಾಕಿದ ಗ್ರಾಫ್ಟ್ ನಷ್ಟವಾಗಬಹುದು. 7.5ಕ್ಕಿಂತ ಕೆಳಗೆ ಬರದೆ ನಾನು ಚಾಕು ಹಿಡಿಯುವುದಿಲ್ಲ. ನಿಮ್ಮ ಶುಗರ್ ಡಾಕ್ಟರಿಗೆ ಒಂದು ಪತ್ರ ಇದರ ಜೊತೆಗಿದೆ, ದಯವಿಟ್ಟು ಕೊಡಿ. ಮಾತ್ರೆಯನ್ನು ನೀವೇ ಹೆಚ್ಚು ಕಡಿಮೆ ಮಾಡಿಕೊಳ್ಳಬೇಡಿ.

ಕವಳದ ವಿಷಯ ಹೇಳದಿದ್ದರೆ ಈ ಪತ್ರ ಪೂರ್ತಿಯಾಗುವುದಿಲ್ಲ. ತೋಟ ಇಟ್ಟುಕೊಂಡವರಿಗೆ ಅಡಿಕೆ ಬಿಡಿ ಅನ್ನುವುದು ಎಷ್ಟು ಕಷ್ಟ ಅಂತ ನನಗೂ ಗೊತ್ತು, ನನ್ನ ಮಾವನ ಮನೆಯೂ ತೀರ್ಥಹಳ್ಳಿ ಕಡೆಯದೇ. ಆದರೂ ತಂಬಾಕು ಇವತ್ತಿನಿಂದಲೇ ನಿಲ್ಲಬೇಕು. ಅದು ರಕ್ತನಾಳಗಳನ್ನು ಕಿರಿದಾಗಿಸಿ ಗಾಯಕ್ಕೆ ಹೋಗುವ ರಕ್ತ ಕಡಿಮೆ ಮಾಡುತ್ತದೆ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ನಿಮ್ಮ ಕೆನ್ನೆಯ ಒಳಭಾಗ ಸ್ವಲ್ಪ ಬಿಳಿಚಿಕೊಂಡು ಬಿಗಿಯಾಗಿದೆ, ಬಾಯಿ ಎರಡೂವರೆ ಬೆರಳಷ್ಟೇ ತೆರೆಯುತ್ತದೆ. ಹಿಂದಿನ ಹಲ್ಲಿಗೆ ಡ್ರಿಲ್ ಹೋಗಬೇಕಾದರೆ ಮೂರು ಬೆರಳಿನಷ್ಟು ಜಾಗ ಬೇಕು. ಇದನ್ನು ನಾನು ಇಂಪ್ಲಾಂಟಿಗಾಗಿ ಮಾತ್ರ ಹೇಳುತ್ತಿಲ್ಲ.

ಹೊಸ ಯೋಜನೆ ಹೀಗಿದೆ. 19ನೇ ತಾರೀಖು ಬನ್ನಿ, ಸರ್ಜರಿಗಲ್ಲ. ಅಂದು ಹಲ್ಲು ಕ್ಲೀನಿಂಗ್ ಮಾಡೋಣ, ಎಡಗಡೆ ವಸಡಿನಲ್ಲಿ ರಕ್ತ ಬರುವುದೂ ನಿಲ್ಲಬೇಕು. ಬಾಯಿ ತೆರೆಯುವ ವ್ಯಾಯಾಮವನ್ನೂ ಅಂದೇ ತೋರಿಸುತ್ತೇನೆ. ಆಮೇಲೆ ತೋಟಕ್ಕೆ ಕೊಳೆರೋಗದ ಮದ್ದು ಹೊಡೆಯುವ ಕೆಲಸ ನಿಮಗೂ ಇರುತ್ತದೆ, ಅಲ್ಲಿಯ ತನಕ ನಾನು ಕರೆಯುವುದಿಲ್ಲ. ಚೌತಿ ಮುಗಿಸಿಕೊಂಡು ಸೆಪ್ಟೆಂಬರ್ ಮೊದಲ ವಾರ ಮತ್ತೆ ಎಚ್‌ಬಿಎ1ಸಿ ಮಾಡಿಸಿ. ಇಳಿದಿದ್ದರೆ ಅದೇ ತಿಂಗಳ ಕೊನೆಗೆ ಗ್ರಾಫ್ಟ್. ಇಳಿಯದಿದ್ದರೆ ಇನ್ನೂ ಕಾಯಬೇಕು, ಅದಕ್ಕೆ ಒಳದಾರಿ ಇಲ್ಲ.

ಗ್ರಾಫ್ಟ್ ಗಟ್ಟಿಯಾಗಲು ಆರು ತಿಂಗಳು. ಅಷ್ಟರಲ್ಲಿ ಕೊನೆ ಕೊಯ್ಲು, ಅಡಿಕೆ ಸುಲಿಯುವುದು ಎಲ್ಲ ಮುಗಿದಿರುತ್ತದೆ. 2026ರ ಮಾರ್ಚ್‌ನಲ್ಲಿ ಇನ್ನೊಮ್ಮೆ ಸ್ಕ್ಯಾನ್ ಮಾಡಿ ಇಂಪ್ಲಾಂಟ್ ಕೂರಿಸುವುದು. ಅದು ಮೂಳೆಗೆ ಹಿಡಿದುಕೊಳ್ಳಲು ಮೂರು ತಿಂಗಳು. ಜೂನ್ ಕೊನೆಗೆ ಮೇಲಿನ ಕ್ಯಾಪ್.

ಮಗಳ ಮದುವೆ ಡಿಸೆಂಬರಿನಲ್ಲಿದೆ, ಅಷ್ಟರೊಳಗೆ ಹಲ್ಲು ಬೇಕಿತ್ತು ಅಂದಿದ್ದಿರಿ. ಅದು ಆಗುವುದಿಲ್ಲ. ಆದರೆ ಇದು ನಕ್ಕರೆ ಕಾಣುವ ಹಲ್ಲಲ್ಲ, ಫೋಟೋಗ್ರಾಫರ್ ಹುಡುಕಿದರೂ ಸಿಗುವುದಿಲ್ಲ. ಅಗಿಯುವುದನ್ನು ಎಡಗಡೆಯಲ್ಲಿ ಮಾಡಿ. ಪಕ್ಕದ ಹಲ್ಲು ವಾಲದಂತೆ, ಮೇಲಿನದು ಕೆಳಗಿಳಿಯದಂತೆ ಹಾಕಿ ತೆಗೆಯುವ ಒಂದು ಚಿಕ್ಕ ಹಲ್ಲು ಮಾಡಿಕೊಡಬಹುದು. ಗ್ರಾಫ್ಟ್ ಆದ ಮೇಲೆ ಒಂದೆರಡು ತಿಂಗಳು ಮಾತ್ರ ಅದನ್ನು ಹಾಕುವಂತಿಲ್ಲ, ಒತ್ತಡ ಬೀಳಬಾರದು.

ಇಷ್ಟು ಕಾಯುವುದು ಬೇಡ ಅನಿಸಿದರೆ ಬ್ರಿಡ್ಜ್ ಹಾಕಬಹುದು. ಒಂದು ತಿಂಗಳೊಳಗೆ ಮುಗಿಯುತ್ತದೆ. ಆದರೆ ಅಕ್ಕಪಕ್ಕದ ಎರಡು ಒಳ್ಳೆಯ ಹಲ್ಲುಗಳನ್ನು ಕೊರೆದು ಸಣ್ಣ ಮಾಡಬೇಕು. ನಿಮ್ಮ ಆ ಎರಡು ಹಲ್ಲುಗಳಲ್ಲಿ ಒಂದು ಹುಳುಕೂ ಇಲ್ಲ. ನನಗೆ ಮನಸ್ಸಿಲ್ಲ, ನಿರ್ಧಾರ ನಿಮ್ಮದು.

ಹಣದ ವಿಷಯ. ನೀವು ಕೊಟ್ಟ 15,000 ರೂಪಾಯಿ ಮುಂಗಡ ಹಾಗೇ ಇದೆ. ಇಂಪ್ಲಾಂಟ್ ಮತ್ತು ಕ್ಯಾಪಿಗೆ ಹೇಳಿದ್ದ 42,000 ಬದಲಾಗುವುದಿಲ್ಲ. ಗ್ರಾಫ್ಟ್‌ಗೆ ಹೆಚ್ಚುವರಿ 18,000 ಆಗುತ್ತದೆ, ಯಾವ ಪುಡಿ ಬೇಕೆಂದರೂ ಅಷ್ಟೇ. ಮಾರ್ಚ್ ಸ್ಕ್ಯಾನಿನ ದುಡ್ಡು ಸ್ಕ್ಯಾನ್ ಸೆಂಟರಿಗೆ ಬೇರೆ. ಚಿಕಿತ್ಸೆ ಇಲ್ಲಿಗೇ ನಿಲ್ಲಿಸುತ್ತೀರಾದರೆ ಮುಂಗಡ ಪೂರ್ತಿ ವಾಪಸ್. ಬೇರೆ ಡಾಕ್ಟರರ ಅಭಿಪ್ರಾಯ ಕೇಳಬೇಕೆಂದಿದ್ದರೆ ಸ್ಕ್ಯಾನ್ ಸಿಡಿ ತೆಗೆದುಕೊಂಡು ಹೋಗಿ. ಅದಕ್ಕೆ ನನಗೇನೂ ಬೇಸರ ಇಲ್ಲ.

ಬರುವಾಗ ನೀವು ನುಂಗುವ ಎಲ್ಲ ಮಾತ್ರೆಗಳ ಚೀಟಿ ತನ್ನಿ. ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆ ಅಥವಾ ವರ್ಷಕ್ಕೊಂದು ಇಂಜೆಕ್ಷನ್ ಯಾವಾಗಲಾದರೂ ತೆಗೆದುಕೊಂಡಿದ್ದರೆ ಮರೆಯದೆ ಹೇಳಿ, ಅದು ದವಡೆಯ ಸರ್ಜರಿಗೆ ಸಂಬಂಧಪಟ್ಟದ್ದು. ರಕ್ತ ತೆಳುವಾಗಲು ಕೊಟ್ಟ ಮಾತ್ರೆ ಇದ್ದರೆ ಸುಮ್ನೆ ನಿಲ್ಲಿಸಬೇಡಿ.

ಅಷ್ಟರೊಳಗೆ ಆ ಜಾಗದಲ್ಲಿ ಊತ, ಕೀವು, ಜ್ವರ ಬಂದರೆ 19ರ ತನಕ ಕಾಯದೆ ಬನ್ನಿ. ಇಲ್ಲದಿದ್ದರೆ ಅಂದು ಬೆಳಿಗ್ಗೆ ಹನ್ನೊಂದಕ್ಕೆ. ತಿಂಡಿ, ಮಾತ್ರೆ ಎಲ್ಲ ಎಂದಿನಂತೆ ಮುಗಿಸಿಕೊಂಡೇ ಬನ್ನಿ, ಖಾಲಿ ಹೊಟ್ಟೆ ಬೇಡ.

ಇತಿ,
ಡಾ. ಸುಮಾ
ದಂತವೈದ್ಯೆ

ಜೊತೆಗೆ: ಶುಗರ್ ಡಾಕ್ಟರಿಗೆ ಪತ್ರ, ಸ್ಕ್ಯಾನ್ ವರದಿಯ ಪ್ರತಿ