ಹಾಸ್ಟೆಲ್ ಸೇರಿದ ಮಗನಿಗೆ ಅಮ್ಮನ ಪತ್ರ

ಪ್ರೀತಿಯ ಪುಟ್ಟಾ,

ಮಲಗೋಕೆ ಅಂತ ಹೊದಿಕೆ ಬಿಚ್ಚಿದಾಗ ಸಿಗಲಿ ಅಂತ ಈ ಪತ್ರವನ್ನು ಅದರ ಮಡಿಕೆಯೊಳಗೆ ಇಟ್ಟಿದ್ದೀನಿ. ನಾಳೆ ನಿನ್ನನ್ನು ಬಿಟ್ಟು ಬರುವಾಗ ನನಗೆ ಮಾತು ಬರಲ್ಲ, ಅದು ಈಗಲೇ ಗೊತ್ತು. ಹೊಸ ಹುಡುಗರ ಎದುರು ನಿನ್ನ ತಲೆ ಸವರೋಕೂ ಆಗಲ್ಲ. ಅದಕ್ಕೇ ನೀನು ಮಲಗಿದ ಮೇಲೆ ಕೂತು ಬರೀತಿದ್ದೀನಿ.

ಬ್ಯಾಗಿನ ಮುಂದಿನ ಜೇಬಲ್ಲಿ ನೀಲಿ ಡಬ್ಬಿ ಇದೆ ನೋಡು. ಅದರಲ್ಲಿ ಥರ್ಮಾಮೀಟರ್ ಇಟ್ಟಿದ್ದೀನಿ. ಏಳನೇ ಕ್ಲಾಸಿನ ಪರೀಕ್ಷೆ ಹೊತ್ತಿಗೆ ಎರಡು ದಿನ ಜ್ವರ ಮುಚ್ಚಿಟ್ಟುಕೊಂಡಿದ್ದೆ, ನೆನಪಿದೆಯಾ? ರಾತ್ರಿ ಹೊದಿಕೆ ಸರಿಮಾಡೋಕೆ ಬಂದವಳು ಹಣೆ ಮುಟ್ಟಿದಾಗಲೇ ನನಗೆ ಗೊತ್ತಾಗಿದ್ದು. ಇನ್ಮೇಲೆ ಹಣೆ ಮುಟ್ಟಿ ನೋಡೋಕೆ ನಾನು ಪಕ್ಕದಲ್ಲಿ ಇರಲ್ಲ ಮಗಾ. ಮೈ ಬಿಸಿ ಅನ್ನಿಸಿದರೆ ನೀನೇ ನೋಡಿಕೊಳ್ಳಬೇಕು, ನೋಡಿ ನನಗೆ ಹೇಳಬೇಕು. ಡಬ್ಬಿಯಲ್ಲಿರೋ ಪ್ಯಾರಾಸಿಟಮಾಲ್ 500 ಎಂ.ಜಿ.ದು. ಒಂದು ತಗೊಂಡ ಮೇಲೆ ಇನ್ನೊಂದಕ್ಕೆ 6 ಗಂಟೆಯಾದರೂ ಬಿಡು. ಎಷ್ಟೋ ನೆಗಡಿ ಮಾತ್ರೆಗಳಲ್ಲೂ ಅದೇ ಔಷಧಿ ಇರುತ್ತೆ, ಹಿಂದೆ ಬರೆದಿರೋದನ್ನು ಓದದೆ ಎರಡನ್ನೂ ಒಟ್ಟಿಗೆ ನುಂಗಬೇಡ. ಮೂರು ದಿನಕ್ಕೂ ಜ್ವರ ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಉಸಿರಾಡೋಕೆ ಕಷ್ಟ ಆದರೆ ಒಂದು ಗಳಿಗೆಯೂ ಕಾಯಬೇಡ, ಎಷ್ಟೇ ರಾತ್ರಿಯಾಗಿರಲಿ ವಾರ್ಡನ್ನನ್ನು ಎಬ್ಬಿಸು. ಯಾರೋ ಗೆಳೆಯ ತನಗೆ ಉಳಿದಿದ್ದ ಆಂಟಿಬಯಾಟಿಕ್ ಕೊಟ್ಟ ಅಂತ ತಗೋಬೇಡ. ಭೇದಿ ಶುರುವಾದರೆ ಒಆರ್‌ಎಸ್ ಪೊಟ್ಟಣ ಇದೆ. ಅದರ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟರಲ್ಲೇ ಕಲಸು. ಅಂದಾಜಿಗೆ ಹಾಕಬೇಡ.

ಬಟ್ಟೆಯ ವಿಷಯ ಹೋದ ವಾರ ತೋರಿಸಿಕೊಟ್ಟಿದ್ದೀನಿ. ಹೊಸ ಬಣ್ಣದ ಬಟ್ಟೆ ಬೇರೆ, ಬಿಳಿ ಬೇರೆ. ಒಗೆಯೋ ಮೊದಲು ಜೇಬು ನೋಡು. ಒದ್ದೆ ಟವೆಲ್ ಹಾಸಿಗೆ ಮೇಲೆ ಎಸೆಯೋ ಅಭ್ಯಾಸ ಮಾತ್ರ ಬಿಟ್ಟುಬಿಡು. ಗಾಳಿ ಆಡದ ರೂಮಲ್ಲಿ ಅದು ಮುಗ್ಗಲು ವಾಸನೆ ಹಿಡಿಯುತ್ತೆ. ಒದ್ದೆ ಒಳಬಟ್ಟೆ ಹಾಕಿಕೊಂಡರೆ ಹುಳಕಡ್ಡಿ ಆಗುತ್ತೆ, ನಾಚಿಕೆಗೆ ಮುಚ್ಚಿಟ್ಟರೆ ಹಬ್ಬುತ್ತೆ. ಪೂರ್ತಿ ಒಣಗಿಸಿ ಹಾಕ್ಕೋ.

ಅಪ್ಪ ಮಾರ್ಕ್ಸ್ ಕಾರ್ಡುಗಳನ್ನೆಲ್ಲ ಜೆರಾಕ್ಸ್ ಮಾಡಿಸಿ ಹಳದಿ ಫೈಲಿನಲ್ಲಿ ಹಾಕಿದ್ದಾರೆ. ಒರಿಜಿನಲ್ ಯಾರಾದರೂ ಕೇಳಿ ಇಟ್ಟುಕೊಂಡರೆ ರಸೀದಿ ಬರೆಸಿಕೋ. ದುಡ್ಡನ್ನು ಇಷ್ಟೇ ಖರ್ಚು ಮಾಡು ಅಂತ ನಾನು ಹೇಳಲ್ಲ. ಯಾವುದಕ್ಕೆ ಹೋಯಿತು ಅಂತ ಬರೆದಿಡು, ಅಷ್ಟು ಸಾಕು. ತಿಂಗಳ ಕೊನೆಗೆ ಕಡಿಮೆ ಬಿದ್ದರೆ ಸಾಲ ಮಾಡಬೇಡ, ಮನೆಗೆ ಹೇಳು. ಒಟಿಪಿ ಮಾತ್ರ ಯಾರಿಗೂ, ಎಷ್ಟೇ ಹತ್ತಿರದವರಿಗೂ ಹೇಳಬೇಡ.

ರೂಮ್‌ಮೇಟ್ ಹೇಗಿರ್ತಾನೋ ಗೊತ್ತಿಲ್ಲ. ಅವನಿಗೂ ಇದು ಮೊದಲನೇ ರಾತ್ರಿ ಅನ್ನೋದು ನೆನಪಿರಲಿ. ಲೈಟು ಎಷ್ಟು ಹೊತ್ತಿಗೆ ಆರಿಸೋದು, ಕಸ ಯಾರು ಗುಡಿಸೋದು, ಇಂಥದ್ದನ್ನು ಮೊದಲ ವಾರದಲ್ಲೇ ಮಾತಾಡಿಕೊಳ್ಳಿ. ಹಾಸ್ಟೆಲಲ್ಲಿ ಇದ್ದಾಗ ನಾನು ಆ ಮಾತು ಎತ್ತೋಕೆ ಸಂಕೋಚಪಟ್ಟು ಒಂದು ವರ್ಷ ಸರಿಯಾಗಿ ನಿದ್ದೆ ಮಾಡಲಿಲ್ಲ.

ಸೀನಿಯರ್‌ಗಳು ಹೆಸರು ಕೇಳಿದರೆ ನಗುನಗುತ್ತಾ ಹೇಳು. ಆದರೆ ಅವಮಾನ ಮಾಡಿದರೆ, ಹೊಡೆದರೆ, ಕುಡಿ ಅಂತ ಬಲವಂತ ಮಾಡಿದರೆ ಅದು ತಮಾಷೆ ಅಲ್ಲ. ಅವತ್ತೇ ವಾರ್ಡನ್‌ಗೆ ಬರೆದು ಕೊಡು, ನಮಗೂ ಹೇಳು. ‘ಅಮ್ಮ ಗಾಬರಿ ಆಗ್ತಾಳೆ’ ಅಂತ ಸುಮ್ಮನಿರಬೇಡ. ಗಾಬರಿ ಆಗ್ತೀನಿ, ನಿಜ. ಆದರೆ ಬಂದು ನಿನ್ನ ಪಕ್ಕ ನಿಲ್ತೀನಿ.

ಕೆಲವು ದಿನ ಸಂಜೆ ಹೊತ್ತು ಏನೂ ಬೇಡ ಅನ್ನಿಸುತ್ತೆ. ಆಗ ರೂಮಲ್ಲಿ ಒಬ್ಬನೇ ಮಲಗಿರಬೇಡ, ಊಟ ಬಿಡಬೇಡ. ಮೆಸ್ಸಿಗೆ ಹೋಗಿ ಯಾರಾದರೂ ಇರೋ ಟೇಬಲ್ಲಿನಲ್ಲಿ ಕೂತುಕೋ, ಮಾತಾಡದಿದ್ದರೂ ಪರವಾಗಿಲ್ಲ. ವಾರಗಟ್ಟಲೆ ನಿದ್ದೆ ಬರದೆ, ಓದು ಹತ್ತದೆ ಹಾಗೇ ಮುಂದುವರಿದರೆ ಕೌನ್ಸೆಲರ್ ಹತ್ತಿರ ಹೋಗು. ಮೈಗೆ ಬಂದ ಜ್ವರ ಹೇಗೋ ಇದೂ ಹಾಗೇ. ಇದನ್ನೂ ಮುಚ್ಚಿಡಬೇಡ.

ದಿನಾ ಫೋನ್ ಮಾಡು ಅಂತ ಹಟ ಹಿಡಿಯಲ್ಲ. ಭಾನುವಾರ ಬೆಳಿಗ್ಗೆ ಮಾಡು. ಮಧ್ಯದಲ್ಲಿ ‘ಊಟ ಆಯ್ತು’ ಅಂತ ಒಂದು ಮೆಸೇಜ್ ಹಾಕಿದರೂ ಸಾಕು. ‘ಚೆನ್ನಾಗಿದ್ದೀನಿ’ ಅಂತ ಚೆನ್ನಾಗಿದ್ದಾಗ ಮಾತ್ರ ಹೇಳು. ಇಲ್ಲದಿದ್ದರೆ ‘ಇವತ್ತು ಸರಿ ಇಲ್ಲ ಅಮ್ಮಾ’ ಅನ್ನು. ನಾನು ಕಾರಣ ಕೆದಕಲ್ಲ, ಕೇಳಿಸಿಕೊಳ್ತೀನಿ.

ನಿನ್ನ ಮೇಜಿನ ಮೇಲಿನ ಪುಸ್ತಕಗಳನ್ನು ಹಾಗೇ ಬಿಟ್ಟಿರ್ತೀನಿ. ತಂಗಿ ನಿನ್ನ ಮಂಚಕ್ಕೆ ಈಗಲೇ ಕಣ್ಣು ಹಾಕಿದ್ದಾಳೆ, ರಜಕ್ಕೆ ಬಂದಾಗ ನೀವಿಬ್ಬರೂ ಇತ್ಯರ್ಥ ಮಾಡಿಕೊಳ್ಳಿ.

ಈಗ ಲೈಟ್ ಆರಿಸಿ ಮಲಗು. ಹೊದಿಕೆಯನ್ನು ಪಾದದವರೆಗೂ ಎಳೆದುಕೋ.

ನಿನ್ನ
ಅಮ್ಮ