ಬೀಳ್ಕೊಡುಗೆಯ ದಿನ ರೈಫಲ್ ಕ್ಲಬ್ಬಿನ ಸದಸ್ಯರಿಗೆ

ಮಾನ್ಯ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ ಹಾಗೂ ಕ್ಲಬ್ಬಿನ ಎಲ್ಲ ಸದಸ್ಯ ಮಿತ್ರರಿಗೆ ನನ್ನ ನಮಸ್ಕಾರಗಳು.

ಬೀಳ್ಕೊಡುಗೆಯ ಸಂಜೆ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ, ನನಗೆ ಬರುವುದೇ ನಾಲ್ಕು ಮಾತು ಎಂದು ನಕ್ಕುಬಿಟ್ಟೆ. ಲೋಡ್, ಸ್ಟಾರ್ಟ್, ಸ್ಟಾಪ್, ಅನ್‌ಲೋಡ್ ಎಂಬ ಆ ನಾಲ್ಕನ್ನೇ 23 ವರ್ಷಗಳಿಂದ ರೇಂಜ್ ಆಫೀಸರನಾಗಿ ನಿಮ್ಮ ಬೆನ್ನ ಹಿಂದೆ ನಿಂತು ಕೂಗಿದ್ದೇನೆ. ಈಗ ನಿಮ್ಮ ಎದುರು ನಿಂತು, ಅದೂ ನಿಮ್ಮ ಕಿವಿಯ ಮೇಲೆ ಮಫ್‌ ಇಲ್ಲದಿರುವಾಗ, ಮಾತನಾಡುವುದು ನನ್ನಿಂದ ಆಗದ ಕೆಲಸವೆನಿಸಿದ್ದರಿಂದ ಈ ಪತ್ರವನ್ನು ಬರೆದು ತಂದಿದ್ದೇನೆ. ಓದುವಾಗ ದನಿ ನಡುಗಿದರೆ ಅದನ್ನು ಮಿಸ್‌ಫೈರ್ ಎಂದು ಭಾವಿಸಿ, ನಿಯಮದಂತೆ 30 ಸೆಕೆಂಡು ಕಾಯಬೇಕಾಗಿ ವಿನಂತಿ.

ನಾನು ನಿಮಗೆ ಹೇಳಬೇಕಾಗಿರುವುದು ಮುಖ್ಯವಾಗಿ ಒಂದೇ. ರೇಂಜ್ ಆಫೀಸರನ ಅಧಿಕಾರ ಅವನ ತೋಳಿನ ಪಟ್ಟಿಯಲ್ಲಾಗಲಿ, ಕೊರಳಿಗೆ ನೇತುಹಾಕಿದ ಸೀಟಿಯಲ್ಲಾಗಲಿ ಇರುವುದಿಲ್ಲ. ತುಂಬಿದ ರೈಫಲ್ ಹಿಡಿದು ಸಾಲಾಗಿ ಮಲಗಿರುವ ಹನ್ನೆರಡು ಜನ, ಬರಿಗೈಯಲ್ಲಿ ನಿಂತ ಒಬ್ಬನ ಮಾತಿಗೆ ಬೆರಳನ್ನು ಟ್ರಿಗರ್‌ನಿಂದ ತೆಗೆಯುತ್ತಾರೆ ಎಂದರೆ, ಅದು ಅವರು ಕೊಟ್ಟ ಮರ್ಯಾದೆಯೇ ಹೊರತು ಅವನು ಗಳಿಸಿದ್ದಲ್ಲ. ಆ ಮರ್ಯಾದೆಯನ್ನು ನೀವು ಒಂದು ದಿನವೂ ತಪ್ಪದೆ ಕೊಟ್ಟಿದ್ದೀರಿ.

ಒಂದು ಸಂಜೆಯನ್ನು ನಾನು ಮರೆಯಲಾರೆ. 50 ಮೀಟರ್ ರೇಂಜಿನಲ್ಲಿ ಕ್ಲಬ್ ಸ್ಪರ್ಧೆಯ ಪ್ರೋನ್ ಸುತ್ತು ಮುಗಿಯಲು ಎರಡು ನಿಮಿಷವೂ ಉಳಿದಿರಲಿಲ್ಲ. ಗಾಳಿ ತೋರಿಸುವ ಸಣ್ಣ ಬಾವುಟಗಳು ಅಷ್ಟು ಹೊತ್ತು ಹುಚ್ಚೆದ್ದು ಆಡಿ ಆಗತಾನೇ ಇಳಿಬಿದ್ದಿದ್ದವು. ಎಲ್ಲರೂ ಕಾಯುತ್ತಿದ್ದದ್ದು ಆ ಘಳಿಗೆಗೇ. ಅಷ್ಟರಲ್ಲಿ ಬೇಲಿಯ ಸಂದಿನಿಂದ ನುಸುಳಿದ ನಾಯಿಯೊಂದು ಗುರಿಹಲಗೆಗಳ ಮುಂದೆ ಬಂದು ಕುಳಿತಿತು. ನಾನು ಸ್ಟಾಪ್ ಎಂದೆ. ಮುಂದಿನ ಗುಂಡಿನ ಸದ್ದು ಕೇಳಲಿಲ್ಲ. ನಾಲ್ಕನೇ ಲೇನಿನಲ್ಲಿದ್ದ ನಮ್ಮ ಹಿರಿಯ ಸದಸ್ಯರು ಆ ಹೊತ್ತಿಗೆ ಉಸಿರು ಹಿಡಿದು ಟ್ರಿಗರ್‌ನ ಮೊದಲ ಒತ್ತನ್ನು ಮುಗಿಸಿಬಿಟ್ಟಿದ್ದರೆಂದು ಆಮೇಲೆ ತಿಳಿಯಿತು. ಶೂಟಿಂಗ್ ಬಲ್ಲವರಿಗೆ ಗೊತ್ತು, ಅಲ್ಲಿಂದ ಹಿಂದಕ್ಕೆ ಬರುವುದು ಗುಂಡು ಹಾರಿಸುವುದಕ್ಕಿಂತ ಕಷ್ಟ. ಅವರು ಬಂದರು. ಬೋಲ್ಟ್ ತೆರೆದು, ಗುಂಡನ್ನು ತೆಗೆದು ಚಾಪೆಯ ಮೇಲಿಟ್ಟು, ಕಿತ್ತಳೆ ಬಣ್ಣದ ಸೇಫ್ಟಿ ಫ್ಲಾಗನ್ನು ಚೇಂಬರಿಗೆ ಸಿಕ್ಕಿಸಿದರು. ಕಳೆದ ಸಮಯವನ್ನು ಸೇರಿಸಿಕೊಟ್ಟೆನಾದರೂ ಗಾಳಿ ಮತ್ತೆ ಎದ್ದಿತ್ತು, ಪದಕ ಕೈತಪ್ಪಿತು. ನನ್ನ ಬಳಿ ಬಂದು ಅವರು ಕೇಳಿದ್ದು ಒಂದೇ ಪ್ರಶ್ನೆ: ‘ನಾಯಿ ಹೋಯಿತೇ ಸಾರ್?’ ಆ ಪ್ರಶ್ನೆಗಾಗಿ ಅವರಿಗೆ ಇಂದು ಎಲ್ಲರ ಮುಂದೆ ಧನ್ಯವಾದ ಹೇಳುತ್ತಿದ್ದೇನೆ.

ಇನ್ನೊಂದು ಸಂಗತಿಯನ್ನು ಹೇಳಲು ಸಂಕೋಚವಿದೆ. ಆದರೆ ಹೇಳದೆ ಹೊರಟರೆ ಈ ಪತ್ರ ಅರ್ಧ ಸುಳ್ಳಾಗುತ್ತದೆ. ಕಾಗದದ ಗುರಿಹಲಗೆಗಳ ಕಾಲವದು. ಪ್ರತಿ ಸರಣಿಯ ನಂತರ ಎಲ್ಲರೂ ಮುಂದೆ ಹೋಗಿ ಹಾಳೆ ಬದಲಿಸಿ ಬರಬೇಕಾಗಿತ್ತು. ಹಿಂದಿನ ರಾತ್ರಿ ನಿದ್ದೆಯಿಲ್ಲದೆ ಕಳೆದಿದ್ದ ನಾನು, ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಒಂದೊಂದು ಚೇಂಬರನ್ನೂ ಕಣ್ಣಾರೆ ನೋಡುವ ಬದಲು, ದೂರದಿಂದಲೇ ಒಮ್ಮೆ ಕಣ್ಣಾಡಿಸಿ ರೇಂಜ್ ಸುರಕ್ಷಿತವೆಂದು ಸಾರಲು ಬಾಯಿ ತೆರೆದೆ. ‘ಸಾರ್, ಆರನೇ ಲೇನಿನಲ್ಲಿ ಫ್ಲಾಗ್ ಇಲ್ಲ’ ಎಂದಿತು ಒಂದು ಸಣ್ಣ ದನಿ. ಕ್ಲಬ್ಬಿಗೆ ಸೇರಿ ತಿಂಗಳೂ ಆಗಿರದ, ಹದಿನಾಲ್ಕು ವರ್ಷದ ಹುಡುಗಿ. ಹೋಗಿ ನೋಡಿದರೆ ಬೋಲ್ಟ್ ಮುಚ್ಚಿತ್ತು, ಒಳಗೆ ಗುಂಡು ಇತ್ತು. ಆ ರೈಫಲಿನ ಒಡೆಯರನ್ನು ಅಂದು ಗದರಿಸಿದೆ, ನಿಜ. ಆದರೆ ತಪ್ಪು ಅವರದಕ್ಕಿಂತ ನನ್ನದೇ ದೊಡ್ಡದು. ಮರೆತವರನ್ನು ಹಿಡಿಯುವುದಕ್ಕಾಗಿಯೇ ನಾನು ಅಲ್ಲಿದ್ದದ್ದು. ದೊಡ್ಡವರ ಮಾತಿನ ನಡುವೆ ಬಾಯಿ ಹಾಕಬಾರದೆಂದು ಮಕ್ಕಳಿಗೆ ಕಲಿಸುತ್ತೇವಲ್ಲ, ಆ ಪಾಠವನ್ನು ಅವಳು ಅಂದು ಪಾಲಿಸದೆ ಇದ್ದದ್ದು ನನ್ನ ಪುಣ್ಯ. ಆ ದಿನದಿಂದ ಇಂದಿನವರೆಗೆ ಸಾಲಿನುದ್ದಕ್ಕೂ ನಡೆಯದೆ ನಾನು ರೇಂಜನ್ನು ಬಿಟ್ಟುಕೊಟ್ಟಿಲ್ಲ. ನಡೆಯುವಾಗ ಆರನೇ ಲೇನಿನ ಬಳಿ ಕಾಲು ತಾನಾಗಿಯೇ ನಿಲ್ಲುತ್ತಿತ್ತು. ಈಗ ಮಕ್ಕಳ ತರಗತಿಗೆ ಕೋಚ್ ಆಗಿರುವ ಆಕೆ ಈ ಸಭೆಯಲ್ಲಿಯೇ ಇದ್ದಾಳೆ. ಅಮ್ಮಾ, ನಿನಗೆ ನಾನು ಋಣಿ.

ಕೆಲವರಿಗೆ ನನ್ನ ಮೇಲೆ ಅಸಮಾಧಾನವಿತ್ತೆಂಬುದನ್ನೂ ಬಲ್ಲೆ. ಫೈರಿಂಗ್ ಲೈನಿನಲ್ಲಿ ಚಹಾ ಬಟ್ಟಲು ಕಂಡರೆ ಸಿಡುಕುತ್ತಿದ್ದೆ. ಸೀಸದ ಧೂಳು ಮೆತ್ತಿದ ಕೈಯನ್ನು ತೊಳೆಯದೆ ಯಾರೂ ತಿಂಡಿ ಮುಟ್ಟದಂತೆ ಬಾಗಿಲಲ್ಲಿ ಕಾವಲು ನಿಲ್ಲುತ್ತಿದ್ದೆ. ಒಳಾಂಗಣ ರೇಂಜನ್ನು ಒಣ ಪೊರಕೆಯಲ್ಲಿ ಗುಡಿಸಲು ಬಂದವರ ಕೈಯಿಂದ ಪೊರಕೆ ಕಿತ್ತುಕೊಂಡದ್ದೂ ಉಂಟು. ಇವಾವುದಕ್ಕೂ ಕ್ಷಮೆ ಕೇಳುವುದಿಲ್ಲ. ಆದರೆ ಗೆರೆ ತಾಗಿದ ಗುಂಡಿನ ತೂತುಗಳಿಗೆ ಗೇಜ್ ಹಾಕಿ, ಭೂತಗನ್ನಡಿಯಲ್ಲಿ ಇಣುಕಿ, ಒಂಬತ್ತೆಂದು ನಾನು ಬರೆದ ಕಡೆ ಹತ್ತು ಇದ್ದಿರಬಹುದಾದ ಸಂದರ್ಭಗಳಿಗಾಗಿ ಮಾತ್ರ ನಿಮ್ಮ ಕ್ಷಮೆ ಬೇಡುತ್ತೇನೆ. 50 ಮೀಟರ್ ರೈಫಲ್ ಗುರಿಯಲ್ಲಿ ಹತ್ತರ ವೃತ್ತದ ವ್ಯಾಸ 10.4 ಮಿಲಿಮೀಟರ್, 10 ಮೀಟರ್ ಏರ್ ರೈಫಲ್‌ನಲ್ಲಿ ಬರೀ ಅರ್ಧ ಮಿಲಿಮೀಟರಿನ ಚುಕ್ಕೆ. ಇಷ್ಟು ಸಣ್ಣ ಜಾಗಕ್ಕಾಗಿ ಇಡೀ ವರ್ಷ ಬೆವರು ಸುರಿಸಿದವರ ಎದುರು ನನ್ನ ಕನ್ನಡಕವನ್ನೇ ನಂಬಿಕೊಂಡು ತೀರ್ಪು ಕೊಡುವುದು ಸುಲಭವಾಗಿರಲಿಲ್ಲ. ಎಲೆಕ್ಟ್ರಾನಿಕ್ ಗುರಿಗಳು ಬಂದಾಗ ನಿಮಗಿಂತ ಹೆಚ್ಚು ನೆಮ್ಮದಿಪಟ್ಟವನು ನಾನೇ ಇರಬೇಕು.

ಮುಂಜಾನೆ ನನಗಿಂತ ಮೊದಲೇ ಬಂದು ಕೆಂಪು ಬಾವುಟ ಏರಿಸುತ್ತಿದ್ದ ಸಹಾಯಕರಿಗೆ, ಮಳೆಗೆ ಕುಸಿದ ಮಣ್ಣಿನ ದಿಬ್ಬವನ್ನು ಎರಡು ಭಾನುವಾರ ಬುಟ್ಟಿ ಹೊತ್ತು ಕಟ್ಟಿಕೊಟ್ಟ ಸದಸ್ಯರಿಗೆ, ನನ್ನ ಆಪರೇಷನ್ ಸಮಯದಲ್ಲಿ ಸರದಿಯ ಮೇಲೆ ರೇಂಜ್ ನಡೆಸಿ ಒಂದು ದಿನವೂ ಬಾಗಿಲು ಮುಚ್ಚದಂತೆ ನೋಡಿಕೊಂಡವರಿಗೆ, ಮತ್ತು ರಜೆಯೆಂಬುದೇ ಕಾಣದ ಗಂಡನನ್ನು ಸಹಿಸಿಕೊಂಡ ನನ್ನ ಹೆಂಡತಿಗೆ ನಾನು ಆಭಾರಿ. ನೀವು ಇಂದು ಕೊಟ್ಟ ಗಡಿಯಾರ ಬಹಳ ಚೆನ್ನಾಗಿದೆ. ಆದರೆ ಅದರಲ್ಲಿ 75 ನಿಮಿಷದ ಸುತ್ತು ಮುಗಿದೊಡನೆ ನಾನು ಮನೆಯಲ್ಲಿ ಸ್ಟಾಪ್ ಎಂದು ಕೂಗಿದರೆ ಅದರ ಹೊಣೆ ಸಮಿತಿಯದು.

ಆಯುಧಾಗಾರದ ಬೀಗದ ಕೈಗಳು, ಗುಂಡುಗಳ ಲೆಕ್ಕದ ಪುಸ್ತಕ ಮತ್ತು ಸೀಟಿಯನ್ನು ಹೊಸ ರೇಂಜ್ ಆಫೀಸರಿಗೆ ಬೆಳಿಗ್ಗೆಯೇ ಒಪ್ಪಿಸಿ ಸಹಿ ಪಡೆದಿದ್ದೇನೆ. ಸೇಫ್ಟಿ ಫ್ಲಾಗುಗಳಲ್ಲಿ ಎರಡು ಕಡಿಮೆ ಇವೆ. ಯಾರ ರೈಫಲ್ ಕೇಸಿನಲ್ಲಾದರೂ ಉಳಿದಿದ್ದರೆ ದಯವಿಟ್ಟು ಹಿಂದಿರುಗಿಸಿ. ಮುಂದಿನ ಭಾನುವಾರದಿಂದ ನಾನು ಸಾಮಾನ್ಯ ಸದಸ್ಯನಾಗಿ ಬರುತ್ತೇನೆ. ಸಾಧ್ಯವಾದರೆ ಆರನೇ ಲೇನನ್ನು ನನ್ನ ಹೆಸರಿಗೆ ಬರೆದಿಡಿ. ನನ್ನ ಚೇಂಬರನ್ನೂ ಎಲ್ಲರದರಂತೆಯೇ ಬಾಗಿ ನೋಡಬೇಕೆಂದು ಹೊಸ ಆಫೀಸರಲ್ಲಿ ಕೇಳಿಕೊಂಡಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ರೇಂಜ್ ಆಫೀಸರ್