ವಿಷಯ: ಪ್ರತಿ ಬ್ಯಾಚ್ ಬೆಲ್ಲದ ಪುಡಿಗೂ ಅದರದೇ ಸಿಓಎ ಕಳಿಸುವ ಬಗ್ಗೆ

ಇಂದ: ಖರೀದಿ ವಿಭಾಗ, ಕರದಂಟು ತಯಾರಿಕಾ ಘಟಕ, ಅಮೀನಗಡ, ಬಾಗಲಕೋಟೆ ಜಿಲ್ಲೆ
ಗೆ: ಮಾಲೀಕರು, ಬೆಲ್ಲದ ಪುಡಿ ಘಟಕ, ಮಹಾಲಿಂಗಪುರ
ದಿನಾಂಕ: 12-11-2025

ಸಾಹುಕಾರರಿಗೆ ನಮಸ್ಕಾರ.

ತಿಂಗಳಿಗೆ ಎರಡು ಸಲ 40 ಚೀಲದಂತೆ ನಿಮ್ಮ ಬೆಲ್ಲದ ಪುಡಿ ತರಿಸುತ್ತೇವೆ. ರುಚಿ, ಬಣ್ಣದ ಬಗ್ಗೆ ಇದುವರೆಗೆ ಒಂದು ಮಾತೂ ಬಂದಿಲ್ಲ. ಈ ಸಲ ಬರೆಯಲೇಬೇಕಾಯಿತು.

ನವೆಂಬರ್ 4ರಂದು ಬಂದ 217ನೇ ಬ್ಯಾಚಿನ ಆರು ಚೀಲ ಬಿಚ್ಚಿದೆವು. ಪುಡಿ ಹೆಂಟೆಗಟ್ಟಿತ್ತು, ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ಉಂಡೆಯಾಗಿಯೇ ಉಳಿಯಿತು. ಇಂಥ ಬೆಲ್ಲದ ಪಾಕದಲ್ಲಿ ಕರದಂಟು ಬಿಗಿಯಾಗುವುದಿಲ್ಲ. ಸಿಓಎ ತೆಗೆದು ನೋಡಿದರೆ ತೇವಾಂಶ ಶೇ 2.8, ಸಲ್ಫರ್ ಡೈಆಕ್ಸೈಡ್ 41 ಪಿಪಿಎಂ. 215, 216ರ ಕಾಗದ ಪಕ್ಕಕ್ಕಿಟ್ಟೆವು: ದಶಾಂಶ ಸಮೇತ ಅವೇ ಅಂಕಿ. ಬ್ಯಾಚ್ ನಂಬರ್ ಮಾತ್ರ ಪೆನ್ನಿನಲ್ಲಿ ತಿದ್ದಿದೆ. ಪರೀಕ್ಷೆಯ ದಿನಾಂಕ ಸೆಪ್ಟೆಂಬರ್ 9. ಚೀಲದ ಮೇಲೆ ತಯಾರಾದ ದಿನ ಅಕ್ಟೋಬರ್ 28 ಎಂದಿದೆ. ಹುಟ್ಟದ ಕೂಸಿಗೆ ಏಳು ವಾರ ಮೊದಲೇ ತೂಕ ಬರೆದ ಹಾಗಾಯಿತು.

ಮುಂದಿನ ಲೋಡಿನಿಂದ ಪ್ರತಿ ಬ್ಯಾಚಿಗೂ ಅದರದೇ ಮಾದರಿ ತೆಗೆದು ಪರೀಕ್ಷಿಸಿದ ಸಿಓಎ ಕಳಿಸಿ. ಚೀಲದ ಮೇಲಿನ ಬ್ಯಾಚ್ ನಂಬರೇ ಅದರಲ್ಲಿರಲಿ. ತಯಾರಾದ ದಿನ, ಪರೀಕ್ಷಿಸಿದ ದಿನ, ಪರೀಕ್ಷಾ ವಿಧಾನ, ಪರೀಕ್ಷಿಸಿದವರ ಸಹಿಯೂ ಬೇಕು. ಫಲಿತಾಂಶದ ಜಾಗದಲ್ಲಿ 'ಸರಿ ಇದೆ' ಎಂದು ಬರೆದರೆ ನಡೆಯದು, ಅಂಕಿಯೇ ಬೇಕು, ಪಕ್ಕದಲ್ಲಿ ಮಿತಿಯೂ ಇರಲಿ. ನಮಗೆ ತೇವಾಂಶ ಶೇ 3 ದಾಟಬಾರದು. ಸುಕ್ರೋಸ್ ಮತ್ತು ಆಮ್ಲದಲ್ಲಿ ಕರಗದ ಬೂದಿಯ ಅಂಕಿಯನ್ನೂ ಕೊಡಿ. ಸಲ್ಫರ್ ಡೈಆಕ್ಸೈಡಿಗೆ ಆಹಾರ ಕಾನೂನಿನ ಮಿತಿ 70 ಪಿಪಿಎಂ. ಇದನ್ನೇ ಒತ್ತಿ ಕೇಳುತ್ತಿರುವುದೇಕೆಂದರೆ, ನೀವು ಬೇರೆ ಬೇರೆ ಗಾಣಗಳ ಬೆಲ್ಲ ಕೊಳ್ಳುತ್ತೀರಿ, ಬಣ್ಣಕ್ಕಾಗಿ ಹೈಡ್ರೋಸ್ ಹಾಕುವ ಕೈ ಎಲ್ಲರದೂ ಒಂದೇ ಅಲ್ಲ. ಒಂದು ಬ್ಯಾಚಿನ ಅಂಕಿ ಇನ್ನೊಂದಕ್ಕೆ ಸಾಕ್ಷಿಯಾಗುವುದಿಲ್ಲ.

ಸೀಸ, ಆರ್ಸೆನಿಕ್ ಪರೀಕ್ಷೆಯನ್ನು ಪ್ರತಿ ಸಲ ಕೇಳುವುದಿಲ್ಲ, ಖರ್ಚು ನಮಗೂ ಗೊತ್ತು. ಆರು ತಿಂಗಳಿಗೊಮ್ಮೆ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿನ ವರದಿ ಸಾಕು. ಉಳಿದದ್ದು ನಿಮ್ಮ ಲ್ಯಾಬಿನಲ್ಲೇ ಆಗಲಿ.

ಟೆಂಪೊ ಹೊರಡುವ ಮೊದಲೇ ಸ್ಕ್ಯಾನ್ ಪ್ರತಿ ಮೇಲ್ ಮಾಡಿ, ಅಸಲು ಪ್ರತಿ ಡ್ರೈವರ್ ಕೈಗೆ ಕೊಡಿ. ಸಿಓಎ ಬರದಿದ್ದರೆ ಚೀಲಗಳನ್ನು ಇಳಿಸಿಕೊಂಡು ಗೋದಾಮಿನಲ್ಲಿ ಬೇರೆ ಇಡುತ್ತೇವೆ, ಬಿಲ್ಲಿನ ಗಡುವು ಕಾಗದ ಸಿಕ್ಕ ದಿನದಿಂದ ಶುರು. ಪ್ರತಿ ಬ್ಯಾಚಿನ 500 ಗ್ರಾಂ ಮಾದರಿ ಸೀಲ್ ಮಾಡಿ ಇಟ್ಟುಕೊಳ್ಳುತ್ತೇವೆ, ನೀವೂ ಇಡಿ. ಅಂಕಿ ತಾಳೆಯಾಗದಿದ್ದರೆ ಮೂರನೇ ಲ್ಯಾಬಿಗೆ ಕಳಿಸೋಣ, ತಪ್ಪು ಯಾರದೋ ಖರ್ಚು ಅವರದು.

217ರ 40 ಚೀಲವನ್ನೂ ಸದ್ಯ ತಡೆಹಿಡಿದಿದ್ದೇವೆ. ಅದರ ಹೊಸ ಪರೀಕ್ಷಾ ವರದಿಯನ್ನು ನವೆಂಬರ್ 20ರೊಳಗೆ ಕಳಿಸಿ, ಇಲ್ಲವೇ ಟೆಂಪೊ ಕಳಿಸಿ ಚೀಲ ವಾಪಸ್ ಒಯ್ಯಿರಿ.

ಇಂತಿ ನಿಮ್ಮ,
ಖರೀದಿ ವ್ಯವಸ್ಥಾಪಕರು

ಲಗತ್ತು: 215, 216, 217ನೇ ಬ್ಯಾಚಿನ ಸಿಓಎ ಪ್ರತಿಗಳು, ಹೆಂಟೆಗಟ್ಟಿದ ಪುಡಿಯ ನಾಲ್ಕು ಫೋಟೊ